ಕೇಂದ್ರದ ಕಾನೂನು ನಿಲ್ಲುವುದೋ, ರಾಜ್ಯದ್ದೋ? ಕಂಬಳದ ಪ್ರಕರಣ ಹಿಡಿದು ಪರಿಶೀಲಿಸುವ ಕ್ರಮ

ತಮಿಳುನಾಡು 2009ರಲ್ಲಿ ಜಲ್ಲಿಕಟ್ಟು ನಡೆಸಲು ಒಂದು ಕಾನೂನು ಮಾಡಿತು. 2014ರ ಮೇ 7ರಂದು ಸುಪ್ರೀಂ ಕೋರ್ಟ್ ಅದನ್ನು ಅನೂರ್ಜಿತಗೊಳಿಸಿತು. 2017ರಲ್ಲಿ ತಮಿಳುನಾಡು ಜಲ್ಲಿಕಟ್ಟಿಗಾಗಿ, ಕರ್ನಾಟಕ ಕಂಬಳ ಮತ್ತು ಎತ್ತಿನ ಓಟಕ್ಕಾಗಿ ಮತ್ತೆ ಕಾನೂನು ಮಾಡಿದವು. 2023ರ ಮೇ 18ರಂದು ಅದೇ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಅವುಗಳನ್ನು ಎತ್ತಿಹಿಡಿಯಿತು. ಎದುರಿಗಿದ್ದ ಕೇಂದ್ರ ಕಾನೂನು ಎರಡೂ ಸಲ ಒಂದೇ, 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ. ಮೊದಲನೆಯದು ಬಿದ್ದು ಎರಡನೆಯದು ನಿಂತದ್ದು ಹೇಗೆ ಎಂಬುದನ್ನು ಹಂತ ಹಂತವಾಗಿ ನೋಡಿದರೆ, ಕೇಂದ್ರ ಮತ್ತು ರಾಜ್ಯದ ಯಾವುದೇ ಎರಡು ಕಾನೂನುಗಳು ಎದುರುಬದುರಾದಾಗ ಪರಿಶೀಲಿಸಬೇಕಾದ ಕ್ರಮವೂ ತಿಳಿಯುತ್ತದೆ.

ಮೊದಲ ಹಂತ: ವಿಷಯ ಯಾವ ಪಟ್ಟಿಯಲ್ಲಿದೆ?

ಸಂವಿಧಾನದ ಏಳನೇ ಅನುಸೂಚಿಯಲ್ಲಿ ಮೂರು ಪಟ್ಟಿಗಳಿವೆ. ರಕ್ಷಣೆ, ರೈಲ್ವೆ, ಬ್ಯಾಂಕಿಂಗ್‌ನಂಥ ವಿಷಯಗಳಿರುವ ಕೇಂದ್ರ ಪಟ್ಟಿಯ ಮೇಲೆ ಸಂಸತ್ತು ಮಾತ್ರ ಕಾನೂನು ಮಾಡಬಹುದು. ಪೊಲೀಸ್, ಸಾರ್ವಜನಿಕ ಆರೋಗ್ಯ, ಜಮೀನಿನಂಥ ವಿಷಯಗಳಿರುವ ರಾಜ್ಯ ಪಟ್ಟಿಯ ಮೇಲೆ ಸಾಮಾನ್ಯವಾಗಿ ಶಾಸನಸಭೆ ಮಾತ್ರ ಕಾನೂನು ಮಾಡಬಹುದು. ಸಮವರ್ತಿ ಪಟ್ಟಿಯ ವಿಷಯಗಳಲ್ಲಿ ಇಬ್ಬರಿಗೂ ಅಧಿಕಾರವಿದೆ. ಮೂರರಲ್ಲಿಯೂ ಇಲ್ಲದ ವಿಷಯ 248ನೇ ವಿಧಿಯಂತೆ ಸಂಸತ್ತಿಗೆ ಸೇರುತ್ತದೆ. ಪಟ್ಟಿ ನೋಡುವಾಗ ಹಳೆಯ ಪುಸ್ತಕವನ್ನು ನಂಬಬಾರದು: ಶಿಕ್ಷಣ, ಅರಣ್ಯ, ವನ್ಯಪ್ರಾಣಿ ಸಂರಕ್ಷಣೆ, ತೂಕ ಮತ್ತು ಅಳತೆ, ನ್ಯಾಯಾಲಯಗಳ ರಚನೆ ಎಂಬ ಐದು ವಿಷಯಗಳು 1976ರ 42ನೇ ತಿದ್ದುಪಡಿಯಿಂದ ರಾಜ್ಯ ಪಟ್ಟಿಯನ್ನು ಬಿಟ್ಟು ಸಮವರ್ತಿ ಪಟ್ಟಿಗೆ ಹೋಗಿವೆ.

ಈಗ ಕಂಬಳವನ್ನು ಎಲ್ಲಿ ಇಡುವುದು? ರಾಜ್ಯ ಪಟ್ಟಿಯ 33ನೇ ನಮೂದಿನಲ್ಲಿ ಕ್ರೀಡೆ ಮತ್ತು ಮನರಂಜನೆ ಇವೆ, 15ನೇ ನಮೂದಿನಲ್ಲಿ ಜಾನುವಾರುಗಳ ಸಂರಕ್ಷಣೆ ಮತ್ತು ತಳಿ ಸುಧಾರಣೆ ಇದೆ. ಇವೆರಡನ್ನೇ ನೋಡಿದವರಿಗೆ ಇದು ಪೂರ್ತಿಯಾಗಿ ರಾಜ್ಯದ ವಿಷಯವೆಂದು ತೋರುವುದು ಸಹಜ. ಆದರೆ ಸಮವರ್ತಿ ಪಟ್ಟಿಯ 17ನೇ ನಮೂದು ಪ್ರಾಣಿಗಳ ಮೇಲಿನ ಕ್ರೌರ್ಯದ ತಡೆಯನ್ನು ಹೇಳುತ್ತದೆ. ಇಂಥ ಗೊಂದಲ ಬಂದಾಗ ಕಾನೂನಿನ ಹೆಸರನ್ನಾಗಲೀ ಪೀಠಿಕೆಯ ಒಂದು ಸಾಲನ್ನಾಗಲೀ ನೋಡಿ ತೀರ್ಮಾನಿಸುವಂತಿಲ್ಲ. ಇಡೀ ಕಾನೂನು ಯಾವುದನ್ನು ಸಾಧಿಸಲು ಹೊರಟಿದೆ, ಅದರ ತಿರುಳು ಯಾವುದು ಎಂದು ಕೇಳಬೇಕು. ಕರ್ನಾಟಕದ 2017ರ ಕಾನೂನು ಕ್ರೀಡಾಕೂಟದ ನಿಯಮಾವಳಿಯಲ್ಲ, 1960ರ ಕೇಂದ್ರ ಕಾಯ್ದೆಯೊಳಗೇ ಕಂಬಳಕ್ಕೆ ವಿನಾಯಿತಿ ಸೇರಿಸುವ ರಾಜ್ಯ ತಿದ್ದುಪಡಿ. ಆದ್ದರಿಂದ ಅದರ ತಿರುಳು 17ನೇ ನಮೂದಿನಲ್ಲಿದೆ. 2023ರ ತೀರ್ಪು ಹೇಳಿದ್ದೂ ಇದನ್ನೇ.

ತಿರುಳು ಒಂದು ಪಟ್ಟಿಯಲ್ಲಿದ್ದು ಅದರ ಅಂಚು ಇನ್ನೊಂದು ಪಟ್ಟಿಯನ್ನು ತಾಕಿದರೆ ಕಾನೂನು ಕೆಡುವುದಿಲ್ಲ. 1940ರ ಬಂಗಾಳ ಲೇವಾದೇವಿದಾರರ ಕಾಯ್ದೆಯ ವಿಷಯದಲ್ಲಿ ಬ್ರಿಟಿಷರ ಕಾಲದ ಕೊನೆಯ ಮೇಲ್ಮನವಿ ನ್ಯಾಯಾಲಯವಾಗಿದ್ದ ಪ್ರಿವಿ ಕೌನ್ಸಿಲ್ 1947ರಲ್ಲಿ ಹೀಗೆಯೇ ತೀರ್ಮಾನಿಸಿತು. ಸಾಲ ಕೊಡುವ ವ್ಯವಹಾರ ಪ್ರಾಂತ್ಯದ ವಿಷಯವಾಗಿತ್ತು, ಪ್ರಾಮಿಸರಿ ನೋಟು ಕೇಂದ್ರದ್ದಾಗಿತ್ತು. ಬಡ್ಡಿಗೆ ಮಿತಿ ಹಾಕುವಾಗ ನೋಟುಗಳ ಮೇಲಿನ ಸಾಲಕ್ಕೂ ಅದು ತಟ್ಟಿತಾದರೂ ಕಾಯ್ದೆ ಉಳಿಯಿತು. ಹಾಗಲ್ಲದೆ ತಿರುಳೇ ಕೇಂದ್ರ ಪಟ್ಟಿಯಲ್ಲಿದ್ದರೆ ರಾಜ್ಯದ ಕಾನೂನು ಅಲ್ಲಿಯೇ ಮುಗಿಯುತ್ತದೆ. ಅಧಿಕಾರವೇ ಇಲ್ಲದೆ ಮಾಡಿದ ಕಾನೂನನ್ನು ರಾಷ್ಟ್ರಪತಿಗಳ ಅಂಕಿತವೂ ಉಳಿಸಲಾರದು. ಮುಂದಿನ ಹಂತಗಳು ಎರಡೂ ಕಾನೂನುಗಳು ಸಮವರ್ತಿ ಪಟ್ಟಿಯಲ್ಲಿ ಬಂದು ನಿಂತಾಗ ಮಾತ್ರ ಬೇಕಾಗುತ್ತವೆ.

ಎರಡನೇ ಹಂತ: ನಿಜವಾಗಿಯೂ ವಿರೋಧವಿದೆಯೇ?

ಅವಸರದ ಓದು ಹೆಚ್ಚಾಗಿ ತಪ್ಪುವುದು ಇಲ್ಲಿ. ಒಂದೇ ವಸ್ತುವಿನ ಬಗ್ಗೆ ಎರಡು ಕಾನೂನುಗಳಿದ್ದ ಮಾತ್ರಕ್ಕೆ ವಿರೋಧ ಉಂಟಾಗುವುದಿಲ್ಲ. 1959ರ ದೀಪ್ ಚಂದ್ ಪ್ರಕರಣದಿಂದ ಮೂರು ಪ್ರಶ್ನೆಗಳು ಬಳಕೆಯಲ್ಲಿವೆ. ಎರಡು ಕಾನೂನುಗಳು ನೇರವಾಗಿ ತದ್ವಿರುದ್ಧವಾದುದನ್ನು ಹೇಳುತ್ತವೆಯೇ? ಸಂಸತ್ತು ಆ ವಿಷಯಕ್ಕೆ ಸಂಪೂರ್ಣ ಸಂಹಿತೆಯನ್ನೇ ಕೊಟ್ಟು ಬೇರೆಯವರಿಗೆ ಜಾಗವಿಲ್ಲವೆಂದು ಸೂಚಿಸಿದೆಯೇ? ಎರಡೂ ಒಂದೇ ಕ್ಷೇತ್ರವನ್ನು ಆಕ್ರಮಿಸಿವೆಯೇ?

ಕರ್ನಾಟಕದ ಒಂದು ಬಸ್ಸಿನ ಪ್ರಕರಣ ಮೂರನೆಯ ಪ್ರಶ್ನೆಯ ಕಷ್ಟವನ್ನು ಚೆನ್ನಾಗಿ ತೋರಿಸುತ್ತದೆ. ರಾಜ್ಯ 1976ರಲ್ಲಿ, ಇಡಿಯಾಗಿ ಬಾಡಿಗೆಗೆ ಗೊತ್ತುಮಾಡುವ ಕಾಂಟ್ರ್ಯಾಕ್ಟ್ ಕ್ಯಾರೇಜ್ ವಾಹನಗಳನ್ನು ಸ್ವಾಧೀನಪಡಿಸಿಕೊಳ್ಳುವ ಕಾಯ್ದೆ ಮಾಡಿ, ಖಾಸಗಿಯವರಿಗೆ ಅಂಥ ಪರ್ಮಿಟ್ ಸಿಗದಂತೆ ಮಾಡಿತ್ತು. ಕೇಂದ್ರದ 1988ರ ಮೋಟಾರು ವಾಹನ ಕಾಯ್ದೆ ಪರ್ಮಿಟ್ ಕೊಡುವುದನ್ನು ಸಡಿಲಗೊಳಿಸಿತು. ಆಗ ಖಾಸಗಿ ಮಾಲೀಕರು ರಾಜ್ಯದ ಕಾಯ್ದೆಗೆ ಇನ್ನು ಬೆಲೆಯಿಲ್ಲವೆಂದು ಸುಪ್ರೀಂ ಕೋರ್ಟಿಗೆ ಹೋದರು. ಒಂದು ಕಾನೂನು ಪರ್ಮಿಟ್ ಕೊಡು ಎನ್ನುತ್ತದೆ, ಇನ್ನೊಂದು ಕೊಡಬೇಡ ಎನ್ನುತ್ತದೆ. ಮೇಲ್ನೋಟಕ್ಕೆ ಇದಕ್ಕಿಂತ ಸ್ಪಷ್ಟವಾದ ವಿರೋಧ ಬೇಕಿಲ್ಲ. ಆದರೂ 1990ರಲ್ಲಿ ವಿಜಯಕುಮಾರ್ ಶರ್ಮ ಪ್ರಕರಣದಲ್ಲಿ ಮೂವರಲ್ಲಿ ಇಬ್ಬರು ನ್ಯಾಯಮೂರ್ತಿಗಳು ವಿರೋಧವಿಲ್ಲವೆಂದರು. ರಾಜ್ಯದ ಕಾಯ್ದೆಯ ತಿರುಳು ಆಸ್ತಿಯ ಸ್ವಾಧೀನ, ಅದು ಸಮವರ್ತಿ ಪಟ್ಟಿಯ 42ನೇ ನಮೂದು. ಕೇಂದ್ರದ ಕಾಯ್ದೆಯ ತಿರುಳು ಯಾಂತ್ರಿಕ ವಾಹನಗಳ ನಿಯಂತ್ರಣ, ಅದು 35ನೇ ನಮೂದು. ಕ್ಷೇತ್ರಗಳೇ ಬೇರೆ ಎಂಬುದು ನ್ಯಾಯಮೂರ್ತಿ ಸಾವಂತ್ ಅವರ ವಾದಸರಣಿ. ನ್ಯಾಯಮೂರ್ತಿ ಕೆ. ರಾಮಸ್ವಾಮಿ ಇದನ್ನು ಒಪ್ಪದೆ ವಿರೋಧವಿದೆಯೆಂದು ಪ್ರತ್ಯೇಕವಾಗಿ ಬರೆದರು. ಪರ್ಮಿಟ್ ಕೇಳಿ ಕಚೇರಿಗೆ ಹೋದವನಿಗೆ ಎರಡು ಕಾನೂನುಗಳು ಎರಡು ಉತ್ತರ ಕೊಡುತ್ತವೆ ಎಂಬ ಭಿನ್ನಮತದ ತರ್ಕಕ್ಕೆ ಬಲವಿದೆ ಎಂದು ನನಗೆ ಅನಿಸುತ್ತದೆ. ಆದರೆ ನ್ಯಾಯಾಲಯಗಳು ಎರಡು ಕಾನೂನುಗಳನ್ನೂ ಉಳಿಸುವ ದಾರಿಯನ್ನು ಮೊದಲು ಹುಡುಕುತ್ತವೆ ಎಂಬುದನ್ನು ಈ ತೀರ್ಪಿನಿಂದ ಗಮನಿಸಬೇಕು.

ಜಲ್ಲಿಕಟ್ಟಿನಲ್ಲಿ ಅಂಥ ದಾರಿ ಸಿಗಲಿಲ್ಲ. ಕೇಂದ್ರ ಕಾಯ್ದೆಯ 3ನೇ ಕಲಂ ಪ್ರಾಣಿಗೆ ಅನಗತ್ಯ ನೋವಾಗದಂತೆ ನೋಡಿಕೊಳ್ಳುವ ಹೊಣೆಯನ್ನು ಅದನ್ನು ಸಾಕುವವನ ಮೇಲೆ ಹಾಕುತ್ತದೆ, 11ನೇ ಕಲಂ ಹೊಡೆಯುವುದನ್ನೂ ಹಿಂಸಿಸುವುದನ್ನೂ ಅಪರಾಧವೆನ್ನುತ್ತದೆ. 22ನೇ ಕಲಮಿನ ಅಡಿಯಲ್ಲಿ ಕೇಂದ್ರ ಸರ್ಕಾರ 2011ರ ಜುಲೈ 11ರ ಅಧಿಸೂಚನೆಯಿಂದ ಹೋರಿಗಳನ್ನು ಪ್ರದರ್ಶನಕ್ಕೆ ಬಳಸಬಾರದ ಪ್ರಾಣಿಗಳ ಸಾಲಿಗೆ ಸೇರಿಸಿತ್ತು. ತಮಿಳುನಾಡಿನ 2009ರ ಕಾನೂನು ಅದೇ ಹೋರಿಯನ್ನು ಅದೇ ಬಗೆಯಲ್ಲಿ ಬಳಸಲು ಷರತ್ತಿನ ಮೇಲೆ ಅವಕಾಶ ಕೊಡುತ್ತಿತ್ತು. ಕ್ಷೇತ್ರವೂ ಒಂದೇ, ಆಜ್ಞೆಗಳೂ ತದ್ವಿರುದ್ಧ. 254ನೇ ವಿಧಿಯ ಮೊದಲ ಖಂಡದಂತೆ ಇಂಥಲ್ಲಿ ಸಂಸತ್ತಿನ ಕಾನೂನು ಮೊದಲು ಬಂದಿರಲಿ, ಆಮೇಲೆ ಬಂದಿರಲಿ, ಅದೇ ಮೇಲು. ವಿರೋಧ ಎಷ್ಟಿದೆಯೋ ಅಷ್ಟರ ಮಟ್ಟಿಗೆ ರಾಜ್ಯದ ಕಾನೂನು ಶೂನ್ಯ. ಈ ‘ಅಷ್ಟರ ಮಟ್ಟಿಗೆ’ ಎಂಬ ಮಾತನ್ನು ಮರೆಯಬಾರದು. ರಾಜ್ಯದ ಒಂದು ಕಲಂ ಮಾತ್ರ ವಿರುದ್ಧವಾಗಿದ್ದು ಉಳಿದವು ಅದಿಲ್ಲದೆಯೂ ನಿಲ್ಲುವಂತಿದ್ದರೆ, ಆ ಒಂದೇ ಕಲಂ ಬೀಳುತ್ತದೆ.

ಮೂರನೇ ಹಂತ: ರಾಷ್ಟ್ರಪತಿಗಳ ಅಂಕಿತ ಇದೆಯೇ, ಯಾವುದಕ್ಕಾಗಿ?

254ನೇ ವಿಧಿಯ ಎರಡನೇ ಖಂಡ ರಾಜ್ಯಕ್ಕೆ ಒಂದು ಬಾಗಿಲು ತೆರೆಯುತ್ತದೆ. ಸಮವರ್ತಿ ಪಟ್ಟಿಯ ವಿಷಯದಲ್ಲಿ ಹಿಂದಿನ ಕೇಂದ್ರ ಕಾನೂನಿಗೆ ವಿರುದ್ಧವಾದ ಮಸೂದೆಯನ್ನು ರಾಜ್ಯಪಾಲರು ರಾಷ್ಟ್ರಪತಿಗಳ ಪರಿಶೀಲನೆಗೆ ಕಾಯ್ದಿರಿಸಿ, ಅವರು ಅಂಕಿತ ಹಾಕಿದರೆ, ಆ ರಾಜ್ಯದೊಳಗೆ ರಾಜ್ಯದ ಕಾನೂನೇ ನಡೆಯುತ್ತದೆ. 2009ರ ತಮಿಳುನಾಡು ಕಾನೂನಿಗೆ ಈ ರಕ್ಷಣೆ ಇರಲಿಲ್ಲ. 2017ರ ಕಾನೂನುಗಳಿಗೆ ಇತ್ತು.

ಕಂಬಳದ ದಾರಿ ಇಲ್ಲಿಗೆ ಬಂದು ಮುಟ್ಟಿದ ಬಗೆಯನ್ನು ನೋಡಿ. 2016ರ ನವೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟಿನ ಮಧ್ಯಂತರ ಆದೇಶದಿಂದ ಓಟ ನಿಂತಿತು. 2017ರ ಫೆಬ್ರವರಿಯಲ್ಲಿ ವಿಧಾನಮಂಡಲ ತಿದ್ದುಪಡಿ ಮಸೂದೆಯನ್ನು ಅಂಗೀಕರಿಸಿತಾದರೂ ಅಂಕಿತವಿಲ್ಲದೆ ಅದನ್ನು ಜಾರಿಗೆ ತರುವಂತಿರಲಿಲ್ಲ. ಜುಲೈನಲ್ಲಿ ಸುಗ್ರೀವಾಜ್ಞೆ ಬಂತು. ಇಂಥ ವಿಷಯದಲ್ಲಿ ಸುಗ್ರೀವಾಜ್ಞೆ ಹೊರಡಿಸುವುದಕ್ಕೂ ರಾಜ್ಯಪಾಲರಿಗೆ 213ನೇ ವಿಧಿಯಂತೆ ರಾಷ್ಟ್ರಪತಿಗಳ ಸೂಚನೆ ಬೇಕು. ಕೊನೆಗೆ ಎರಡನೇ ತಿದ್ದುಪಡಿ ಮಸೂದೆಗೆ ಅಂಕಿತ ಬಿದ್ದು ಅದು ಕಾಯ್ದೆಯಾಯಿತು. ರಾಷ್ಟ್ರಪತಿಗಳು ನಡೆಯುವುದು ಕೇಂದ್ರ ಸಚಿವ ಸಂಪುಟದ ಸಲಹೆಯಂತೆ, ಮತ್ತು ಅಂಕಿತಕ್ಕೆ 201ನೇ ವಿಧಿಯಲ್ಲಿ ಕಾಲಮಿತಿ ಬರೆದಿಲ್ಲ. ಹೀಗಾಗಿ ಈ ಬಾಗಿಲಿನ ಕೀಲಿಕೈ ದೆಹಲಿಯಲ್ಲಿಯೇ ಉಳಿಯುತ್ತದೆ. ಇದನ್ನು ರಾಜ್ಯದ ಸ್ವಾತಂತ್ರ್ಯ ಎನ್ನುವುದಕ್ಕಿಂತ ಕೇಂದ್ರ ಕೊಡುವ ಒಪ್ಪಿಗೆ ಎನ್ನುವುದೇ ಸರಿ.

ಅಂಕಿತ ಇದೆ ಎಂದಷ್ಟೇ ತಿಳಿದು ಸುಮ್ಮನಾಗಬಾರದು, ಯಾವ ಕೇಂದ್ರ ಕಾನೂನಿನ ವಿರೋಧವನ್ನು ತೋರಿಸಿ ಅದನ್ನು ಪಡೆಯಲಾಗಿದೆ ಎಂದೂ ಕೇಳಬೇಕು. 2002ರ ಕೈಸರ್-ಎ-ಹಿಂದ್ ಪ್ರಕರಣದಲ್ಲಿ ಬಾಂಬೆ ಬಾಡಿಗೆ ಕಾಯ್ದೆಯ ವಿಸ್ತರಣೆಗೆ ಅಂಕಿತವಿತ್ತು. ಆದರೆ ರಾಜ್ಯ ಹೆಸರಿಸಿದ ಕೇಂದ್ರ ಕಾನೂನುಗಳಲ್ಲಿ ಸಾರ್ವಜನಿಕ ಕಟ್ಟಡಗಳಿಂದ ಅನಧಿಕೃತ ನಿವಾಸಿಗಳನ್ನು ತೆರವುಗೊಳಿಸುವ 1971ರ ಕಾಯ್ದೆ ಇರಲಿಲ್ಲ. ಹೆಸರಿಸದ ಕಾನೂನಿನ ಎದುರು ಆ ಅಂಕಿತ ಕೆಲಸಕ್ಕೆ ಬಾರದು ಎಂದಿತು ಸಂವಿಧಾನ ಪೀಠ. ಕಂಬಳಕ್ಕೆ ಈ ತೊಂದರೆ ಇರಲಿಲ್ಲ, ಏಕೆಂದರೆ ಮಸೂದೆ ತಿದ್ದಲು ಹೊರಟಿದ್ದೇ 1960ರ ಕಾಯ್ದೆಯನ್ನು. ಆದರೂ ಅಂಕಿತದಲ್ಲಿ ದೋಷವಿದೆಯೆಂಬ ವಾದ 2023ರಲ್ಲಿ ಬಂತು, ನ್ಯಾಯಾಲಯ ಅದನ್ನು ಒಪ್ಪಲಿಲ್ಲ.

ಅಂಕಿತದ ಫಲ ಆ ರಾಜ್ಯದ ಗಡಿಯೊಳಗೆ ಮಾತ್ರ. ಕರ್ನಾಟಕದ ತಿದ್ದುಪಡಿಯನ್ನು ತೋರಿಸಿ ಕಾಸರಗೋಡಿನ ಗದ್ದೆಯಲ್ಲಿ ಕೋಣ ಓಡಿಸುವಂತಿಲ್ಲ, ಅಲ್ಲಿ ಆ ತಿದ್ದುಪಡಿ ನಡೆಯುವುದಿಲ್ಲ. ಅಂಕಿತದಿಂದ ಮೂಲಭೂತ ಹಕ್ಕಿನ ಪರೀಕ್ಷೆಯೂ ತಪ್ಪುವುದಿಲ್ಲ.

ಕೊನೆಯ ಹಂತ: ಆಮೇಲೆ ಸಂಸತ್ತು ಏನಾದರೂ ಮಾಡಿದೆಯೇ?

ಅಂಕಿತ ಪಡೆದ ರಾಜ್ಯ ಕಾನೂನನ್ನು ಸಂಸತ್ತು ಮುಂದೆ ತಿದ್ದಬಹುದು, ಬದಲಿಸಬಹುದು, ರದ್ದುಪಡಿಸಲೂಬಹುದು. 254ನೇ ವಿಧಿಯ ಎರಡನೇ ಖಂಡದ ಪರಂತುಕ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ರದ್ದು ಎಂಬ ಪದ ಬಳಸಬೇಕೆಂದೂ ಇಲ್ಲ. ಪರವಾನಗಿಯಿಲ್ಲದೆ ಜೋಳ ಸಾಗಿಸಿದವನೊಬ್ಬನ 1954ರ ಜವೇರಭಾಯಿ ಪ್ರಕರಣ ಇದಕ್ಕೆ ಉದಾಹರಣೆ. ಅಗತ್ಯ ವಸ್ತುಗಳ ಕಾನೂನಿನ ಶಿಕ್ಷೆಯನ್ನು ಬಾಂಬೆ ಪ್ರಾಂತ್ಯ 1947ರಲ್ಲಿ ಗವರ್ನರ್ ಜನರಲ್ ಅವರ ಅಂಕಿತ ಪಡೆದೇ ಹೆಚ್ಚಿಸಿತ್ತು. 1950ರಲ್ಲಿ ಸಂಸತ್ತು ಅದೇ ಶಿಕ್ಷೆಯ ಕಲಮನ್ನು ಹೊಸದಾಗಿ ಬರೆಯಿತು. ಬಾಂಬೆಯ ಕಾನೂನನ್ನು ಅದು ಹೆಸರಿಸಲಿಲ್ಲವಾದರೂ, ಅದೇ ವಿಷಯವನ್ನು ಮತ್ತೆ ಕೈಗೆತ್ತಿಕೊಂಡದ್ದರಿಂದ ರಾಜ್ಯದ ನಿಯಮ ಅಲ್ಲಿಗೆ ಮುಗಿಯಿತೆಂದು ಸುಪ್ರೀಂ ಕೋರ್ಟ್ ಹೇಳಿತು.

ಆದ್ದರಿಂದ ರಾಜ್ಯದ ಕಾನೂನಿಗೆ ಅಂಕಿತ ಬಿದ್ದ ದಿನಾಂಕವನ್ನು ಗುರುತು ಮಾಡಿಕೊಂಡು, ಅಲ್ಲಿಂದೀಚೆಗೆ ಕೇಂದ್ರ ಕಾಯ್ದೆಗೆ ಬಂದ ಪ್ರತಿಯೊಂದು ತಿದ್ದುಪಡಿಯನ್ನೂ ಓದಬೇಕು. ಬದಲಾದ ಕಲಂ ರಾಜ್ಯದ ನಿಯಮ ಹೇಳುವ ವಿಷಯವನ್ನೇ ಮುಟ್ಟಿದ್ದರೆ ಎರಡನೇ ಹಂತಕ್ಕೆ ಮರಳಿ ಅಲ್ಲಿನ ಮೂರು ಪ್ರಶ್ನೆಗಳನ್ನು ಮತ್ತೆ ಕೇಳಬೇಕು. ಕಂಬಳದ ವಿನಾಯಿತಿಯೂ ಇದರಿಂದ ಹೊರಗಿಲ್ಲ. 1960ರ ಕಾಯ್ದೆಯ 11ನೇ ಕಲಮನ್ನು ಸಂಸತ್ತು ಮುಂದೊಂದು ದಿನ ಹೊಸದಾಗಿ ಬರೆದು, ರಾಜ್ಯ ತಿದ್ದುಪಡಿಗಳನ್ನು ಉಳಿಸುವ ಮಾತನ್ನು ಅದರಲ್ಲಿ ಸೇರಿಸದಿದ್ದರೆ, 2023ರ ತೀರ್ಪು ಹಾಗೆಯೇ ಇದ್ದರೂ ಕರ್ನಾಟಕ ಮತ್ತೊಮ್ಮೆ ಮಸೂದೆ ಮಾಡಿ ಅಂಕಿತಕ್ಕಾಗಿ ಕಳುಹಿಸಬೇಕಾಗಬಹುದು.