ಮಾತು ಪರದೆಯಿಂದಲೇ ಬರಬೇಕು: ಸ್ಪೇಷಿಯಲ್ ಆಡಿಯೋ ಜೊತೆ ನನ್ನ ಅನುಭವ

ಜಯನಗರದ ನಮ್ಮ ಮನೆ ಚಿಕ್ಕದು. ಮಗಳು ಒಂಬತ್ತಕ್ಕೆ ಮಲಗಿದ ಮೇಲೆ ಟಿವಿ ಹಾಕುವ ಹಾಗಿಲ್ಲ. ಅದಕ್ಕೆ ಊಟದ ಟೇಬಲ್ ಮೇಲೆ ಐಪ್ಯಾಡ್ ನಿಲ್ಲಿಸಿ, ಏರ್‌ಪಾಡ್ಸ್ ಪ್ರೋ ಹಾಕಿಕೊಂಡು ಸಿನಿಮಾ ನೋಡುತ್ತೇನೆ. ಮೊದಲ ರಾತ್ರಿ ಸದ್ದು ಐಪ್ಯಾಡ್‌ ಸ್ಪೀಕರ್‌ನಿಂದಲೇ ಬರುತ್ತಿದೆ ಅನ್ನಿಸಿ ಗಾಬರಿಯಾಯಿತು. ಒಂದು ಕಿವಿಯದನ್ನು ತೆಗೆದೆ, ಸಿನಿಮಾ ನಿಂತಿತು, ಮನೆಯೆಲ್ಲ ನಿಶ್ಶಬ್ದ. ಸದ್ದು ಇದ್ದದ್ದು ನನ್ನ ಕಿವಿಯಲ್ಲೇ. ಇದೇ ಸ್ಪೇಷಿಯಲ್ ಆಡಿಯೋ, ಇಯರ್‌ಬಡ್‌ನ ಸದ್ದು ಹೊರಗಿನ ಒಂದು ಜಾಗದಿಂದ ಬಂದ ಹಾಗೆ ಕೇಳಿಸುವ ಸೌಲಭ್ಯ.

ಇದು ಹೇಗೆ ಅಂತ ತಿಳಿಯಬೇಕು ಅನ್ನಿಸಿ ಒಂದೇ ದೃಶ್ಯವನ್ನು ಮೂರು ಸಲ ನೋಡಿದೆ. ಕಾರಿನೊಳಗೆ ಇಬ್ಬರು ಮಾತಾಡುತ್ತಿದ್ದಾರೆ, ಮೇಲೆ ಮಳೆ. ಕಂಟ್ರೋಲ್ ಸೆಂಟರ್‌ನಲ್ಲಿ ವಾಲ್ಯೂಮ್ ಪಟ್ಟಿಯನ್ನು ಒತ್ತಿ ಹಿಡಿದು, ಕೆಳಗೆ ಕಾಣುವ Spatial Audio ಒತ್ತಿದರೆ ಮೂರು ಆಯ್ಕೆ ಬರುತ್ತವೆ: Off, Fixed, Head Tracked. Off ಇಟ್ಟಾಗ ಮಾತು ತಲೆಯ ನಡುವೆ, ಮಳೆ ಎರಡೂ ಕಿವಿಗೆ ಅಂಟಿಕೊಂಡ ಹಾಗಿತ್ತು. Fixed ಇಟ್ಟಾಗ ಮಳೆ ತಲೆಯ ಸುತ್ತ ಹರಡಿತು, ಮಾತು ಸ್ವಲ್ಪ ಮುಂದಕ್ಕೆ ಹೋಯಿತು, ಆದರೆ ಕಾಫಿ ಲೋಟ ತೆಗೆದುಕೊಳ್ಳಲು ಎಡಕ್ಕೆ ತಿರುಗಿದರೆ ಕಾರು, ಮಳೆ ಎಲ್ಲವೂ ನನ್ನ ಜೊತೆಗೇ ತಿರುಗಿತು. Head Tracked ಇಟ್ಟು ಅದೇ ರೀತಿ ಎಡಕ್ಕೆ ತಿರುಗಿದೆ. ಮಾತು ಬಲಗಿವಿಗೆ ಸರಿಯಿತು, ಅಂದರೆ ಐಪ್ಯಾಡ್ ಇದ್ದ ಜಾಗದಲ್ಲೇ ಉಳಿಯಿತು.

ಇಲ್ಲೇ ಗುಟ್ಟು ಇರುವುದು. ಒಂದು ಸದ್ದು ಮುಂದಿನಿಂದ ಬಂತೋ ಹಿಂದಿನಿಂದ ಬಂತೋ ಅಂತ ಗುರುತಿಸಲು ನಾವು ಗೊತ್ತಿಲ್ಲದೆಯೇ ತಲೆಯನ್ನು ಚೂರು ಅಲ್ಲಾಡಿಸುತ್ತೇವೆ, ಆಗ ಎರಡು ಕಿವಿಗೆ ಬರುವ ಸದ್ದಿನಲ್ಲಿ ಆಗುವ ವ್ಯತ್ಯಾಸ ಹಿಡಿದು ಮೆದುಳು ತೀರ್ಮಾನ ಮಾಡುತ್ತದೆ. ಮಾಮೂಲಿ ಇಯರ್‌ಫೋನ್‌ನಲ್ಲಿ ತಲೆ ಎಷ್ಟು ಆಡಿಸಿದರೂ ಏನೂ ಬದಲಾಗುವುದಿಲ್ಲ. ಅದಕ್ಕೇ ಮಾತು ತಲೆಯೊಳಗೆ ಕೂತುಬಿಡುತ್ತದೆ. ಹೆಡ್ ಟ್ರ್ಯಾಕಿಂಗ್‌ನಲ್ಲಿ ಇಯರ್‌ಬಡ್‌ನೊಳಗಿನ ಸೆನ್ಸರ್ ತಲೆಯ ಚಲನೆ ಹೇಳುತ್ತದೆ, ಐಪ್ಯಾಡ್ ಅದನ್ನು ತನ್ನ ಚಲನೆಯ ಜೊತೆ ಹೋಲಿಸಿ ಸದ್ದನ್ನು ಆಗಿಂದಾಗ್ಗೆ ತಿದ್ದುತ್ತದೆ. ನನಗಂತೂ ಬಾಂಬು, ಹೆಲಿಕಾಪ್ಟರ್‌ಗಿಂತ ಈ ಮಾತಿನ ಸ್ಪಷ್ಟತೆಯೇ ದೊಡ್ಡ ಲಾಭ.

ಆದರೆ ಸಿನಿಮಾದ ಆಡಿಯೋ 5.1 ಅಥವಾ ಡಾಲ್ಬಿ ಅಟ್ಮಾಸ್ ಆಗಿರಬೇಕು. ಯಾವುದು ಎಲ್ಲಿಂದ ಬರಬೇಕು ಅನ್ನುವ ಮಾಹಿತಿ ಇರುವುದು ಅದರಲ್ಲಿ. ಬರೀ ಸ್ಟೀರಿಯೋ ಆದರೆ ಅದೇ ಜಾಗದಲ್ಲಿ Spatialize Stereo ಅಂತ ಬರುತ್ತದೆ. ಆಗ ಯಂತ್ರ ಎರಡು ಸ್ಪೀಕರ್ ಎದುರಿಗಿಟ್ಟ ಹಾಗೆ ನಟಿಸಿ, ಒಂದು ಕೋಣೆಯ ಪ್ರತಿಧ್ವನಿಯನ್ನು ಸೇರಿಸುತ್ತದೆ ಅಷ್ಟೇ. ಅಮ್ಮ ಬಸವನಗುಡಿಯಿಂದ ಬಂದಾಗ ಕಪ್ಪು ಬಿಳುಪಿನ ಸಿನಿಮಾ ಹಾಕಿಕೊಟ್ಟಿದ್ದೆ. ಎರಡೇ ನಿಮಿಷ. "ಏನೋ ಇದು, ಬಾವಿಯೊಳಗಿಂದ ಮಾತಾಡ್ದಂಗಿದೆ" ಅಂದರು. ಆ ಕಾಲದ ಸಿನಿಮಾ ಮೋನೋ, ಅಂದರೆ ಎರಡೂ ಕಿವಿಗೆ ಒಂದೇ ಸದ್ದು, ಹರಡುವುದಕ್ಕೆ ಅದರಲ್ಲಿ ಏನೂ ಇಲ್ಲ. Off ಮಾಡಿದ ತಕ್ಷಣ ಹಾಡಿನ ಸಾಹಿತ್ಯ ಹತ್ತಿರ ಬಂತು, ಅಮ್ಮ ಗುನುಗಲು ಶುರು ಮಾಡಿದರು.

ಪಾತ್ರೆ ತೊಳೆಯುವಾಗಲೂ ಹೆಡ್ ಟ್ರ್ಯಾಕಿಂಗ್ ಬೇಡ. ಐಪ್ಯಾಡ್‌ಗೆ ಬೆನ್ನು ಹಾಕಿ ಸಿಂಕ್ ಮುಂದೆ ನಿಂತರೆ ಮೊದಲು ಮಾತು ಹಿಂದಿನಿಂದ ಬರುತ್ತದೆ. ಸ್ವಲ್ಪ ಹೊತ್ತು ಹಾಗೇ ನಿಂತರೆ ಅದು ನಾನು ನೋಡುವ ದಿಕ್ಕನ್ನೇ ಮುಂದೆ ಅಂತ ತಿಳಿದು ಸದ್ದನ್ನು ಎದುರಿಗೆ ತರುತ್ತದೆ. ಆಮೇಲೆ ಪರದೆ ಕಡೆ ತಿರುಗಿದರೆ? ಮುಖ ಮುಂದೆ ಕಾಣುತ್ತದೆ, ಮಾತು ಬೆನ್ನ ಹಿಂದೆ! ಇದು ಕೆಟ್ಟಿಲ್ಲ, ಒಂದೆರಡು ಕ್ಷಣ ನೇರ ಕೂತರೆ ಸರಿಹೋಗುತ್ತದೆ. ಆದರೆ ಹತ್ತು ಸಲ ಹೀಗಾದರೆ ಸಿನಿಮಾ ಕೈಬಿಟ್ಟುಹೋಗುತ್ತದೆ.

ಮೆಟ್ರೋದಲ್ಲಿ ನಾನು Fixed ಇಡುತ್ತೇನೆ. ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಫೋನ್. Head Tracked ಇಟ್ಟರೆ ಸ್ಟೇಷನ್ ಬೋರ್ಡ್ ನೋಡಲು ಕತ್ತು ತಿರುಗಿಸಿದಾಗೆಲ್ಲ, ಫೋನ್ ವಾಲಿದಾಗೆಲ್ಲ ಸದ್ದು ಓಡಾಡುತ್ತದೆ. ಫೋನಿನ ಚಲನೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಇಯರ್‌ಬಡ್ ಆದರೆ ಇನ್ನೂ ಕಷ್ಟ. ಗೆಳೆಯನ ಒಂದು ಜೋಡಿ ಹಾಕಿಕೊಂಡಿದ್ದೆ, ರೈಲು ತಿರುವು ತೆಗೆದುಕೊಂಡದ್ದನ್ನು ಅದು ನನ್ನ ತಲೆ ತಿರುಗಿತು ಅಂದುಕೊಂಡು ನಾಯಕಿಯ ಮಾತನ್ನು ಪಕ್ಕದ ಸೀಟಿಗೆ ಕಳಿಸಿತು. ನಿಮ್ಮದು ಹೇಗೆ ಅಂತ ತಿಳಿಯಲು ಹೆಡ್ ಟ್ರ್ಯಾಕಿಂಗ್ ಹಾಕಿ, ಆಫೀಸ್ ಕುರ್ಚಿಯಲ್ಲಿ ಫೋನ್ ಎದೆ ಮುಂದೆ ಹಿಡಿದು, ಕತ್ತು ಆಡಿಸದೆ ಕುರ್ಚಿಯನ್ನೇ ಕಾಲು ಸುತ್ತು ತಿರುಗಿಸಿ. ಮಾತು ಪರದೆಯಲ್ಲೇ ಉಳಿದರೆ ಸರಿ, ಪಕ್ಕಕ್ಕೆ ಜಾರಿದರೆ ಪ್ರಯಾಣದಲ್ಲಿ ಹೆಡ್ ಟ್ರ್ಯಾಕಿಂಗ್ ಆಫ್ ಮಾಡಿಬಿಡಿ.

ಪ್ರತಿ ಸಲ ಬದಲಾಯಿಸುವ ತಲೆನೋವು ಜಾಸ್ತಿ ಇಲ್ಲ, ಐಪ್ಯಾಡ್ ಒಂದೊಂದು ಆ್ಯಪ್‌ಗೆ ಬೇರೆ ಬೇರೆ ನೆನಪಿಟ್ಟುಕೊಳ್ಳುತ್ತದೆ. ಅಮ್ಮ ಹಳೆ ಸಿನಿಮಾ ನೋಡುವ ಆ್ಯಪ್ ಈಗ Off, ನನ್ನದು Head Tracked.