ಫೀಸು ಕಟ್ಟುದು ಬೇಡಿತ್ತು, ಆದ್ರೆ ಕಟ್ಟಿ ಆಗಿತ್ತು: ಇದನ್ನ ಇಂಗ್ಲಿಷಲ್ಲಿ ಹೇಳುದು ಹೇಗೆ?

ನಮ್ಮ ಪಕ್ಕದ ಮನೆ ಹುಡುಗಿ ಮಂಜೇಶ್ವರದಿಂದ ಟ್ರೈನಲ್ಲಿ ಮಂಗಳೂರಿಗೆ ಕಾಲೇಜಿಗೆ ಹೋಗುದು. ಅವಳಿಗೆ ಒಂದು ಸ್ಕಾಲರ್‌ಶಿಪ್ ಸಿಕ್ಕಿತ್ತು, ಅದು ಸಿಕ್ಕಿದವರು ಲ್ಯಾಬ್ ಫೀಸು ಕಟ್ಟಬೇಕಂತ ಇಲ್ಲ, ಆದ್ರೆ ಆ ವಿಷಯ ಇವಳಿಗೆ ಗೊತ್ತಾಗುವಾಗ 850 ರೂಪಾಯಿ ಕಟ್ಟಿ ವಾರ ಕಳೆದಿತ್ತು. ದುಡ್ಡು ವಾಪಸ್ ಸಿಗ್ಲಿ ಅಂತ ಆಫೀಸಿಗೆ ಒಂದು ಮೇಲ್ ಹಾಕಿದ್ಲು, "ಐ ಡಿಡಂಟ್ ನೀಡ್ ಟು ಪೇ ದ ಲ್ಯಾಬ್ ಫೀ" ಅಂತ. ಎರಡು ದಿನ ಬಿಟ್ಟು ಉತ್ತರ ಬಂತು: ಹೌದು, ನಿಮಗೆ ವಿನಾಯಿತಿ ಉಂಟು, ನೀವು ಏನೂ ಕಟ್ಟುವ ಅಗತ್ಯ ಇಲ್ಲ. ಅಷ್ಟೇ. ವಾಪಸ್ ಕೊಡುವ ಮಾತೇ ಇಲ್ಲ. "ಟೀಚರೇ, ನಾನು ಬರೆದದ್ರಲ್ಲಿ ತಪ್ಪೆಂತ ಉಂಟು?" ಅಂತ ಫೋನ್ ಹಿಡ್ಕೊಂಡು ಬಂದ್ಲು.

ಗ್ರಾಮರ್ ಲೆಕ್ಕದಲ್ಲಿ ತಪ್ಪು ಇಲ್ಲ. ಆದ್ರೆ ಆ ವಾಕ್ಯ ಓದಿದವರಿಗೆ ಇವಳು ಫೀಸು ಕಟ್ಟಿದ್ದಾಳೆ ಅಂತ ಗೊತ್ತಾಗುದೇ ಇಲ್ಲ, ಕಟ್ಟುವ ಅಗತ್ಯ ಇರ್ಲಿಲ್ಲ, ಹಾಗಾಗಿ ಕಟ್ಟಿಲ್ಲ ಅಂತಲೇ ಹೆಚ್ಚಿನವರು ಓದುದು. ಅವಳು ಬರೀಬೇಕಿದ್ದದ್ದು "ಐ ನೀಡಂಟ್ ಹ್ಯಾವ್ ಪೇಯ್ಡ್ ದ ಲ್ಯಾಬ್ ಫೀ". ಕಟ್ಟುದು ಬೇಡಿತ್ತು, ಆದ್ರೂ ಕಟ್ಟಿದ್ದೇನೆ, ದುಡ್ಡು ದಂಡ ಆಯ್ತು ಅಂತ ಅದರೊಳಗೇ ಉಂಟು.

ಈ ಗಲಿಬಿಲಿ ಯಾಕೆ ಆಗ್ತದೆ ಅಂದ್ರೆ ಕನ್ನಡದಲ್ಲಿ ನಾವು ಎರಡಕ್ಕೂ ಒಂದೇ ಮಾತು ಹೇಳ್ತೇವೆ. "ಫೀಸು ಕಟ್ಟಬೇಕಾಗಿರಲಿಲ್ಲ" ಅಂದ್ರೆ ಕಟ್ಟಿದವನೂ ಹೇಳಬಹುದು, ಕಟ್ಟದವನೂ ಹೇಳಬಹುದು. ಮುಂದಿನ ಮಾತಲ್ಲಿ, ಮುಖ ನೋಡಿ, ದನಿ ಕೇಳಿ ನಮಗೆ ಗೊತ್ತಾಗ್ತದೆ. ಇಂಗ್ಲಿಷಲ್ಲಿ ಅದನ್ನ ವಾಕ್ಯದೊಳಗೇ ಇಡ್ಬೇಕಾಗ್ತದೆ. ಹಾಗಾಗಿ ಬಾಯಿ ತೆರೆಯುವ ಮೊದಲು ಕೇಳ್ಕೊಳ್ಳಬೇಕಾದ ಪ್ರಶ್ನೆ ಒಂದೇ: ಆ ಕೆಲಸ ನಡೆದಿತ್ತಾ, ನಡೆದಿರ್ಲಿಲ್ವಾ?

ಮೊದಲನೇ ಹೆಜ್ಜೆ ಅದೇ. ಒಂದು ಉದಾಹರಣೆ ನಮ್ಮ ತೋಟದ್ದೇ ತಗೊಳ್ಳುವ, ಯಾಕಂದ್ರೆ ಕಾಸರಗೋಡಲ್ಲಿ ಅಡಿಕೆ ಇರುವ ಮನೆಯಲ್ಲಿ ಪಶ್ಚಾತ್ತಾಪದ ಮಾತು ಹೆಚ್ಚು ಬರುದು ಮದ್ದು ಬಿಡುವ ವಿಷಯದಲ್ಲೇ. ಕೊಳೆರೋಗಕ್ಕೆ ಬೋರ್ಡೋ ಮದ್ದು ಮಳೆಗಾಲ ಹಿಡಿಯುವ ಮೊದಲು ಒಂದು ಸಲ ಬಿಡ್ಬೇಕು, ಮತ್ತೆ 40-45 ದಿನ ಕಳೆದು ಇನ್ನೊಂದು ಸಲ. ಒಬ್ಬರು ಮೇ ತಿಂಗಳು ಪೂರಾ ಆಳು ಸಿಗ್ಲಿಲ್ಲ ಅಂತ ಕೂತ್ರು, ಜೂನಲ್ಲಿ ಮಳೆ ಹಿಡೀತು, ಬಿಡುವೇ ಕೊಡ್ಲಿಲ್ಲ, ಕಾಯಿ ಕೊಳೆತು ಉದುರಿತು. ಈಗ ಅವರು ಹೇಳುದು "ಮಳೆಗೆ ಮೊದಲೇ ಮದ್ದು ಬಿಡಬೇಕಿತ್ತು". ಕೆಲಸ ನಡೆಯಿತಾ? ಇಲ್ಲ. ನಡೆಯಬೇಕಾದ್ದು ನಡೆಯಲಿಲ್ಲ ಅಂತಾದ್ರೆ ಶುಡ್ ಹ್ಯಾವ್: "ವಿ ಶುಡ್ ಹ್ಯಾವ್ ಸ್ಪ್ರೇಡ್ ಬಿಫೋರ್ ದ ರೇನ್ಸ್". ಕೇಳಿದವನಿಗೆ ಮದ್ದು ಬಿಟ್ಟಿಲ್ಲ ಅಂತ ಬೇರೆ ಹೇಳುದೇ ಬೇಡ, ಆ ಎರಡು ಶಬ್ದದಲ್ಲೇ ಅದು ಬಂದಾಯ್ತು.

ಇಲ್ಲಿ ನಮ್ಮ "ಬೇಕಿತ್ತು" ಒಂದು ಗುಂಡಿ ತೋಡಿ ಇಟ್ಟಿದೆ, ಸ್ವಲ್ಪ ನಿಧಾನಕ್ಕೆ ನೋಡುವ. "ನಿನ್ನೆ ನಾನು ಬ್ಯಾಂಕಿಗೆ ಹೋಗಬೇಕಿತ್ತು, ಮರ್ತೇ ಹೋಯ್ತು" ಅಂದ್ರೆ ಹೋಗಿಲ್ಲ, ಅದು ಶುಡ್ ಹ್ಯಾವ್ ಗಾನ್. "ನಿನ್ನೆ ಬ್ಯಾಂಕಿಗೆ ಹೋಗಬೇಕಿತ್ತು, ಅದಕ್ಕೇ ಲೇಟಾಯ್ತು" ಅಂದ್ರೆ ಹೋಗಿ ಬಂದಿದ್ದಾರೆ, ಅದು "ಐ ಹ್ಯಾಡ್ ಟು ಗೋ". ಇನ್ನು "ನನಗೂ ನಿಮ್ಮೊಟ್ಟಿಗೆ ಬರಬೇಕಿತ್ತು" ಅಂದ್ರೆ ಕರ್ತವ್ಯವೇ ಅಲ್ಲ, ಆಸೆ, "ಐ ವಾಂಟೆಡ್ ಟು ಕಮ್". ಮೂರಕ್ಕೂ ಶುಡ್ ಹ್ಯಾವ್ ಹಾಕಿ ಬಿಡುವ ಮಕ್ಕಳನ್ನ ನಾನು ಪ್ರತಿ ವರ್ಷ ನೋಡ್ತೇನೆ. ಲೇಟಾದದ್ದಕ್ಕೆ ಕಾರಣ ಹೇಳ್ಲಿಕ್ಕೆ ಹೋಗಿ "ಐ ಶುಡ್ ಹ್ಯಾವ್ ಗಾನ್ ಟು ದ ಬ್ಯಾಂಕ್" ಅಂದ್ರೆ ಎದುರಿನವರು "ಓ, ಹಾಗಾದ್ರೆ ಬ್ಯಾಂಕಿನ ಕೆಲಸ ಆಗ್ಲಿಲ್ವಾ" ಅಂತ ಕೇಳ್ತಾರೆ, ಅವರದ್ದು ತಪ್ಪಲ್ಲ. ಕನ್ನಡದಲ್ಲಿ "ಹೋಗಬೇಕಾಗಿ ಬಂತು" ಅಂತ ಹೇಳ್ಲಿಕ್ಕೆ ಬರುದಾದ್ರೆ ಅಲ್ಲಿ ಹ್ಯಾಡ್ ಟು ಅಂತ ಗುರ್ತು ಇಟ್ಕೊಳ್ಳಿ.

ಎರಡನೇ ಹೆಜ್ಜೆ, ಕೆಲಸ ನಡೆದು ಹೋಗಿದೆ ಅಂತಾದ್ರೆ ಮತ್ತೊಂದು ಪ್ರಶ್ನೆ: ಅದು ತಪ್ಪಾಯ್ತಾ, ಅಥವಾ ಬರೀ ದಂಡ ಆಯ್ತಾ? ಜೋರು ಮಳೆ ಬರುವಾಗಲೇ ಮದ್ದು ಬಿಟ್ರು, ಎಲ್ಲ ತೊಳ್ಕೊಂಡು ಹೋಯ್ತು, ಇದು ಮಾಡಬಾರದ ಕೆಲಸ, ಕನ್ನಡದಲ್ಲಿ "ಬಿಡಬಾರದಿತ್ತು", ಇಂಗ್ಲಿಷಲ್ಲಿ "ವಿ ಶುಡಂಟ್ ಹ್ಯಾವ್ ಸ್ಪ್ರೇಡ್ ಇನ್ ದ ರೇನ್". ಅದೇ, ತಮ್ಮ ಮದ್ದು ಬಿಟ್ಟಾಗಿದೆ ಅಂತ ಗೊತ್ತಿಲ್ಲದೆ ಅಣ್ಣ ಮದ್ದಿನ ಸಾಮಾನು ಎಲ್ಲ ತಂದು ಇಟ್ಟ, ಇದರಲ್ಲಿ ಯಾರದ್ದೂ ತಪ್ಪು ಇಲ್ಲ, ಶ್ರಮ ಮತ್ತು ದುಡ್ಡು ಸುಮ್ಮನೆ ಹೋಯ್ತು. "ತರುದು ಬೇಡಿತ್ತು", ಇದು "ಯು ನೀಡಂಟ್ ಹ್ಯಾವ್ ಬಾಟ್ ದೆಮ್". ನಮ್ಮ ಕಡೆ ಕನ್ನಡದ "ಬೇಡಿತ್ತು" ಇಲ್ಲಿ ಬಹಳ ಉಪಕಾರಿ, "ಬಾರದಿತ್ತು" ಬರುವಲ್ಲಿ ಶುಡಂಟ್, "ಬೇಡಿತ್ತು" ಬರುವಲ್ಲಿ ನೀಡಂಟ್, ಹತ್ತರಲ್ಲಿ ಎಂಟು ಸಲ ಸರಿಯೇ ಬೀಳ್ತದೆ. ತಪ್ಪುವ ಒಂದು ಜಾಗ ಹೇಳ್ತೇನೆ: ನೆಂಟರು ಹಣ್ಣೋ ಸ್ವೀಟೋ ತಂದಾಗ ನಾವು "ಇದೆಲ್ಲ ಬೇಡಿತ್ತು" ಅನ್ನುದಲ್ವಾ, ಅಲ್ಲಿ ಇಂಗ್ಲಿಷಿನವರು ನಗ್ತಾ "ಓ, ಯು ಶುಡಂಟ್ ಹ್ಯಾವ್!" ಅಂತಲೂ ಹೇಳುದುಂಟು. ಅದು ಬೈಗುಳ ಅಲ್ಲ, ಉಪಚಾರದ ಮಾತು.

ಮೂರನೇದ್ದು ಡಿಡಂಟ್ ನೀಡ್ ಟು. ಇದು ಬರೀ ಅಗತ್ಯ ಇರ್ಲಿಲ್ಲ ಅಂತ ಮಾತ್ರ ಹೇಳ್ತದೆ, ಕೆಲಸ ನಡೆಯಿತಾ ಇಲ್ವಾ ಅಂತ ಬಾಯಿ ಬಿಡುದಿಲ್ಲ, ಆದ್ರೆ ಕೇಳಿದವರು ಸಾಮಾನ್ಯವಾಗಿ ನಡೆದಿಲ್ಲ ಅಂತಲೇ ತಿಳ್ಕೊಳ್ತಾರೆ. "ಕೆಳಗಿನ ತೋಟದಲ್ಲಿ ಸಸಿಗಳು ಮಾತ್ರ ಇದ್ದದ್ದು, ಕಾಯಿ ಇಲ್ಲ, ಅಲ್ಲಿ ಬಿಡಬೇಕಾಗಿ ಬರ್ಲಿಲ್ಲ" ಅಂದ್ರೆ "ವಿ ಡಿಡಂಟ್ ನೀಡ್ ಟು ಸ್ಪ್ರೇ ದೇರ್". ಮಲಯಾಳ ಬರುವ ಮಕ್ಕಳಿಗೆ ನಾನು ಹೀಗೆ ಹೇಳಿಕೊಡುದು, "ಪೋಗೇಂಡಿ ವನ್ನಿಲ್ಲ" ಅಂತ ನಿಮಗೆ ಹೇಳ್ಲಿಕ್ಕೆ ಆಗ್ತದೆ ಅಂತಾದ್ರೆ ಅಲ್ಲಿ ಡಿಡಂಟ್ ನೀಡ್ ಟು ಗೋ. ನಮ್ಮ "ಬೇಕಾಗಿ ಬರ್ಲಿಲ್ಲ"ವೂ ಅದೇ ಅಚ್ಚು, ಹೋಗಲಿಲ್ಲ ಅಂತ ಎರಡರಲ್ಲೂ ಸ್ಪಷ್ಟ.

ಇನ್ನು ನೀವು ಆರಿಸಿದ್ದು ಸರಿಯಾ ಅಂತ ನೋಡ್ಲಿಕ್ಕೆ ವಾಕ್ಯಕ್ಕೊಂದು ಬಾಲ ಕಟ್ಟಿ ನೋಡಿ. ಶುಡ್ ಹ್ಯಾವ್ ಹಿಂದೆ "ಬಟ್ ಐ ಡಿಡಂಟ್" ಸರಿ ಕೂರಬೇಕು. ಶುಡಂಟ್ ಹ್ಯಾವ್, ನೀಡಂಟ್ ಹ್ಯಾವ್ ಎರಡರ ಹಿಂದೆಯೂ "ಬಟ್ ಐ ಡಿಡ್". ಡಿಡಂಟ್ ನೀಡ್ ಟು ಹಿಂದೆ "ಸೋ ಐ ಡಿಡಂಟ್". ನಮ್ಮ ಹುಡುಗಿಯ ವಾಕ್ಯಕ್ಕೆ ಬಾಲ ಕಟ್ಟಿ: ಐ ಡಿಡಂಟ್ ನೀಡ್ ಟು ಪೇ, ಸೋ ಐ ಡಿಡಂಟ್. ಆಫೀಸಿನವರು ಓದಿದ್ದು ಇದನ್ನೇ.

ಆದ್ರೆ ಒಂದು ಮಾತು ಸರಿಯಾಗಿ ಹೇಳ್ಬೇಕು. ಮಾತಾಡುವಾಗ ಇಂಗ್ಲಿಷ್ ಮಾತೃಭಾಷೆಯವರೇ ಮಾಡಿ ಮುಗಿಸಿದ ಕೆಲಸಕ್ಕೂ ಡಿಡಂಟ್ ನೀಡ್ ಟು ಹೇಳ್ತಾರೆ, ನೀಡ್ ಅನ್ನುದನ್ನ ಒತ್ತಿ ಹೇಳ್ತಾರೆ ಅಷ್ಟೇ, ಅಮೆರಿಕದ ಕಡೆಯಂತೂ ನೀಡಂಟ್ ಹ್ಯಾವ್ ಕಿವಿಗೆ ಬೀಳುದೇ ಕಮ್ಮಿ, "ಡಿಡಂಟ್ ಹ್ಯಾವ್ ಟು" ಜಾಸ್ತಿ. ಹಾಗಾಗಿ ಇನ್ನೊಬ್ಬರು ಡಿಡಂಟ್ ನೀಡ್ ಟು ಅಂದ ಕೂಡಲೇ ಕೆಲಸ ನಡೆದೇ ಇಲ್ಲ ಅಂತ ತೀರ್ಮಾನ ಮಾಡ್ಬೇಡಿ, ಹಿಂದೆ ಮುಂದೆ ನೋಡಿ. ನೀವು ಬರೆಯುವಾಗ ಮಾತ್ರ, ಅದೂ ಕಾಗದದಲ್ಲಿ ದನಿ ಕೇಳಿಸುದಿಲ್ಲ ಅಲ್ವಾ, ನೀಡಂಟ್ ಹ್ಯಾವ್ ಹಾಕಿ. ಪರೀಕ್ಷೆಯಲ್ಲಿಯೂ ಈ ವ್ಯತ್ಯಾಸವನ್ನೇ ಕೇಳುದು.

ಆಟ್ ಟು ಹ್ಯಾವ್ ಬಗ್ಗೆ ಹೆಚ್ಚು ತಲೆ ಕೆಡಿಸ್ಕೊಳ್ಳುವ ಅಗತ್ಯ ಇಲ್ಲ, ಅರ್ಥ ಶುಡ್ ಹ್ಯಾವ್‌ದ್ದೇ, ಕೆಲವರ ಕಿವಿಗೆ ಅದರಲ್ಲಿ ಧರ್ಮ, ಕರ್ತವ್ಯದ ತೂಕ ಸ್ವಲ್ಪ ಜಾಸ್ತಿ ಕೇಳಿಸ್ತದೆ. ಅಜ್ಜಿ ಆಸ್ಪತ್ರೆಯಲ್ಲಿ ಇರುವಾಗ ನೋಡ್ಲಿಕ್ಕೆ ಹೋಗದವನು "ಐ ಆಟ್ ಟು ಹ್ಯಾವ್ ವಿಸಿಟೆಡ್ ಹರ್" ಅಂದ್ರೆ ಚಂದ. ಆ "ಟು" ಬಿಡ್ಬೇಡಿ, ಇಲ್ಲ ಅನ್ನುವಾಗಲೂ "ಆಟಂಟ್ ಟು ಹ್ಯಾವ್" ಅಂತಲೇ, ಆದ್ರೆ ಅದನ್ನ ಈಗ ಹೇಳುವವರು ಕಮ್ಮಿ, ಶುಡಂಟ್ ಹ್ಯಾವ್ ಸಾಕು.

ಕಟ್ಟುವ ಕ್ರಮದಲ್ಲಿ ನನ್ನ ಮಕ್ಕಳು ಜಾರುದು ಮೂರೇ ಜಾಗದಲ್ಲಿ. ಹ್ಯಾವ್ ಆದ ಮೇಲೆ ಕ್ರಿಯಾಪದದ ಮೂರನೇ ರೂಪ ಬರ್ಬೇಕು, ಗಾನ್, ಟೇಕನ್, ರಿಟನ್, ಆದ್ರೆ ಶುಡ್ ಹ್ಯಾವ್ ವೆಂಟ್ ಅಂತ ಬರೀತಾರೆ. ಅವನು, ಅವಳು ಅಂತಿದ್ರೂ ಹ್ಯಾವ್ ಬದಲಾಗುದಿಲ್ಲ, "ಹಿ ಶುಡ್ ಹ್ಯಾಸ್" ಅಂತ ಯಾವತ್ತೂ ಇಲ್ಲ. ನೀಡಂಟ್ ಆದ ಮೇಲೆ ಟು ಇಲ್ಲ, ಡಿಡಂಟ್ ನೀಡ್ ಆದ ಮೇಲೆ ಟು ಬೇಕೇ ಬೇಕು, ಮತ್ತೆ ಡಿಡಂಟ್ ಇರುವಾಗ ನೀಡೆಡ್ ಅಂತ ಮಾಡ್ಲಿಕ್ಕಿಲ್ಲ. ಸಿನಿಮಾ ನೋಡಿ ಕಲಿತವರು ಶುಡ್ ಆಫ್ ಅಂತ ಬರೆಯುದೂ ಉಂಟು, ವೇಗದಲ್ಲಿ "ಶುಡವ್" ಅಂತ ಕೇಳಿಸುದಕ್ಕೆ ಆದ ತಪ್ಪು ಅದು, ಬರೆಯುವಾಗ ಹ್ಯಾವ್‌ಯೇ.

ಮತ್ತೆ ಎಲ್ಲ ಶುಡ್ ಹ್ಯಾವ್ ಪಶ್ಚಾತ್ತಾಪ ಅಲ್ಲ. ಕುಂಬಳೆ ಸ್ಟೇಷನಲ್ಲಿ ನಿಂತು "ಟ್ರೈನ್ ಇಷ್ಟೊತ್ತಿಗೆ ಬರಬೇಕಿತ್ತು" ಅಂದ್ರೆ "ದ ಟ್ರೈನ್ ಶುಡ್ ಹ್ಯಾವ್ ಕಮ್ ಬೈ ನೌ", ಅದು ನಿರೀಕ್ಷೆ. ಕನ್ನಡದಲ್ಲೂ ಹಾಗೇ ಹೇಳುದ್ರಿಂದ ಇದು ಯಾರಿಗೂ ಕಷ್ಟ ಆಗುದಿಲ್ಲ.

ಹುಡುಗಿಯ ಮೇಲ್ ನಾವಿಬ್ಬರು ಜಗಲಿಯಲ್ಲಿ ಕೂತು ತಿರುಗಿ ಬರೆದದ್ದು ಹೀಗೆ: "ಐ ನೀಡಂಟ್ ಹ್ಯಾವ್ ಪೇಯ್ಡ್ ದ ಲ್ಯಾಬ್ ಫೀ, ಆಸ್ ಐ ಹ್ಯಾವ್ ದ ಸ್ಕಾಲರ್‌ಶಿಪ್. ಐ ಶುಡ್ ಹ್ಯಾವ್ ರೆಡ್ ದ ನೋಟಿಸ್ ಫಸ್ಟ್." ಇದರ ಕೆಳಗೆ ನಾನು ಇನ್ನೊಂದು ಸಾದಾ ವಾಕ್ಯ ಸೇರಿಸ್ಲಿಕ್ಕೆ ಹೇಳಿದೆ, ಯಾಕಂದ್ರೆ ಓದುವವರಿಗೆ ನೀಡಂಟ್ ಹ್ಯಾವ್ ಗೊತ್ತಿರ್ಲಿಕ್ಕಿಲ್ಲ, ದುಡ್ಡಿನ ವಿಷಯದಲ್ಲಿ ಒಂದೇ ಶಬ್ದದ ಮೇಲೆ ಭಾರ ಹಾಕುದು ಬೇಡ: "ಐ ಪೇಯ್ಡ್ 850 ರುಪೀಸ್. ಪ್ಲೀಸ್ ರಿಫಂಡ್ ಇಟ್." ರಶೀದಿಯ ಫೋಟೋ ಅವಳೇ ತೆಗೆದು ಹಾಕಿದ್ಲು.