ಒಸಡು ಇಳಿದ ಹಲ್ಲಿಗೆ ಮೃದು ಬ್ರಷ್: ನನ್ನ ಅನುಭವ

ಗಂಗಾವತಿಯ ನಮ್ಮ ಓಣಿಯಲ್ಲಿ ಬಾವಿಯ, ಬೋರ್‌ವೆಲ್‌ನ ಫ್ಲೋರೈಡ್ ನೀರು ಕುಡಿದು ಬೆಳೆದ ನನ್ನ ವಯಸ್ಸಿನವರಲ್ಲಿ ಹಲ್ಲಿನ ಮೇಲೆ ಕಂದು ಕಲೆ ಇಲ್ಲದವರು ಕಡಿಮೆ. ಆ ಕಲೆ ಎನಾಮಲ್‌ನ ಒಳಗೇ ಇರುತ್ತದೆ, ಉಜ್ಜಿದರೆ ಹೋಗುವಂಥದ್ದಲ್ಲ ಎಂಬುದು ತಿಳಿಯದೆ ನಾನು ಗಟ್ಟಿ ಬ್ರಷ್ಷಿನಿಂದಲೂ ಕಪ್ಪು ಹಲ್ಲುಪುಡಿಯಿಂದಲೂ ಸುಮಾರು ಇಪ್ಪತ್ತು ವರ್ಷ ಅಡ್ಡಡ್ಡ ತಿಕ್ಕಿದೆ. ಕಲೆ ಇದ್ದಲ್ಲೇ ಉಳಿಯಿತು, ಒಸಡು ಮಾತ್ರ ಹಿಂದೆ ಸರಿಯಿತು. ಎಡಗಡೆಯ ಕೋರೆಹಲ್ಲು ಮತ್ತು ಅದರ ಹಿಂದಿನ ಎರಡು ಹಲ್ಲುಗಳ ಬುಡದಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ಕಚ್ಚು ಬಿದ್ದಿತ್ತು. ಬಲಗೈಯಲ್ಲಿ ಉಜ್ಜುವವರಿಗೆ ಹೆಚ್ಚಾಗಿ ಎಡಬದಿಯೇ ಸವೆಯುತ್ತದೆ.

ಮಡಕೆಯ ನೀರು ಕುಡಿದರೂ ಹಲ್ಲು ಜುಮ್ಮೆನ್ನತೊಡಗಿದ ಮೇಲೆ ದುಡ್ಡು ಖರ್ಚಾಗತೊಡಗಿತು. ಕಚ್ಚುಗಳಿಗೆ ಒಂದಕ್ಕೆ ಏಳೆಂಟು ನೂರು ರೂಪಾಯಿಯಂತೆ ಸಿಮೆಂಟ್ ತುಂಬಿಸಿದೆ. ತಿಕ್ಕುವ ರೀತಿ ಬದಲಾಗದ ಕಾರಣ ಮೂರರಲ್ಲಿ ಎರಡು, ಒಂದು ವರ್ಷ ತುಂಬುವ ಮೊದಲೇ ಉದುರಿದವು. ಲವಂಗದ ಎಣ್ಣೆಯನ್ನೂ ಹಚ್ಚಿ ನೋಡಿದೆ. ಹಲ್ಲಿಗಿಂತ ಮೊದಲು ನಾಲಿಗೆ ಜೋಮು ಹಿಡಿಯಿತು.

ನಂತರ ತಂದದ್ದು ಮೃದು ಬ್ರಷ್, ಆದರೆ ಅದರಲ್ಲಿಯೂ ಮೊದಲ ಎರಡು ತಿಂಗಳು ಸೋತೆ. ಮೂರೇ ವಾರಕ್ಕೆ ಅದರ ಎಳೆಗಳು ಹೊರಕ್ಕೆ ಬಾಗಿ ಹರಡಿಕೊಂಡವು. ಬ್ರಷ್ ಮೃದುವಾಗಿದ್ದರೂ ಕೈ ಗಟ್ಟಿಯಾಗಿಯೇ ಇತ್ತು ಎಂಬುದಕ್ಕೆ ಅದೇ ಸಾಕ್ಷಿ. ಅಡುಗೆಮನೆಯ ತೂಕದ ಯಂತ್ರದ ಮೇಲೆ ಬ್ರಷ್ ಇಟ್ಟು, ಹಲ್ಲುಜ್ಜುವಷ್ಟೇ ಒತ್ತಿ ನೋಡಿದಾಗ ನಾನೂರು ಗ್ರಾಂ ದಾಟಿತು. ನೂರೈವತ್ತರ ಆಸುಪಾಸು ಇದ್ದರೆ ಸಾಕು. ಮುಷ್ಟಿಯಲ್ಲಿ ಹಿಡಿಯುವುದನ್ನು ಬಿಟ್ಟು, ಪೆನ್ನಿನಂತೆ ಮೂರು ಬೆರಳಿನಲ್ಲಿ ಹಿಡಿದಾಗ ಆ ಭಾರ ತಾನಾಗಿಯೇ ಇಳಿಯಿತು. ಹತ್ತು ದಿನ ಬೆಳಿಗ್ಗೆ ಎದ್ದೊಡನೆ ಯಂತ್ರದ ಮೇಲೆ ಒತ್ತಿ ಕೈಗೆ ಆ ಅಳತೆ ಕಲಿಸಿ, ಆಮೇಲಷ್ಟೇ ಬಾಯಿಗೆ ಹಾಕುತ್ತಿದ್ದೆ.

ಈಗ ನಾನು ಮಾಡುವುದು ಹೀಗೆ. ಮೇಲಿನ ಹಲ್ಲುಗಳಿಗೆ ಎಳೆಗಳ ತುದಿ ಓರೆಯಾಗಿ ಒಸಡಿನ ಕಡೆಗೆ ಮುಖಮಾಡುವಂತೆ, ಅರ್ಧ ಒಸಡಿನ ಮೇಲೆ, ಅರ್ಧ ಹಲ್ಲಿನ ಬುಡದ ಮೇಲೆ ಬ್ರಷ್ ಇಡುತ್ತೇನೆ. ಒಸಡು ಸ್ವಲ್ಪ ಬಿಳಿಚುವಷ್ಟು ಮಾತ್ರ ಒತ್ತಿ, ಎಳೆಗಳ ತುದಿ ಜಾಗ ಬಿಟ್ಟು ಕದಲದಂತೆ ಹತ್ತು ಎಣಿಸುವವರೆಗೆ ನಡುಗಿಸುತ್ತೇನೆ. ಬಳಿಕ ಮಣಿಕಟ್ಟನ್ನು ತಿರುಗಿಸಿ, ಒಸಡಿನಿಂದ ಹಲ್ಲಿನ ತುದಿಯ ಕಡೆಗೆ ಬ್ರಷ್ಷನ್ನು ಉರುಳಿಸುತ್ತೇನೆ. ಮತ್ತೆ ಮೊದಲ ಸ್ಥಾನಕ್ಕೆ ತರುವಾಗ ಬ್ರಷ್ಷನ್ನು ಹಲ್ಲಿನಿಂದ ಎತ್ತಿಯೇ ತರಬೇಕು, ಎಳೆದು ತಂದರೆ ಒಸಡು ಹಿಂದಕ್ಕೆ ತಳ್ಳಲ್ಪಡುತ್ತದೆ. ಎರಡೆರಡು ಹಲ್ಲಿಗೆ ಐದು ಬಾರಿ. ಕೆಳಗಿನ ಸಾಲಿಗೆ ಇದೇ ಕ್ರಮ ತಲೆಕೆಳಗಾಗಿ.

ನಮ್ಮ ಅಣ್ಣ ಇದನ್ನು ನೋಡಿ, “ತಮ್ಮಾ, ಹಿಂಗ ಸವರಿದ್ರ ಕೊಳಿ ಹೋಗ್ತದೇನು?” ಎಂದು ನಕ್ಕರು. ಒಂದು ರಾತ್ರಿ ಇಬ್ಬರೂ ನಮ್ಮ ನಮ್ಮ ರೀತಿಯಲ್ಲಿ ಹಲ್ಲುಜ್ಜಿ, ಮಿಠಾಯಿಗೆ ಹಾಕುವ ಕೆಂಪು ಬಣ್ಣದ ಎರಡು ಹನಿಯನ್ನು ನೀರಿನಲ್ಲಿ ಕಲಸಿ ಮುಕ್ಕಳಿಸಿದೆವು. ಉಳಿದ ಪಾಚಿಗೆ ಬಣ್ಣ ಹತ್ತುತ್ತದೆ. ರಭಸದಿಂದ ತಿಕ್ಕಿದ ಅಣ್ಣನವರ ಹಲ್ಲಿನ ಮುಖವೆಲ್ಲ ಹೊಳೆಯುತ್ತಿತ್ತು, ಒಸಡಿನ ಅಂಚಿನುದ್ದಕ್ಕೂ ಮಾತ್ರ ಕೆಂಪು ಗೆರೆ. ನನ್ನದರಲ್ಲಿ ಕೆಳಗಿನ ಮುಂದಿನ ಹಲ್ಲುಗಳ ಒಳಬದಿಯಲ್ಲಿ ಮಾತ್ರ ಅಲ್ಲಲ್ಲಿ ಉಳಿದಿತ್ತು. ಅಣ್ಣ ಆ ಮೇಲೆ ನಗಲಿಲ್ಲ.

ಪೇಸ್ಟಿನ ವಿಷಯದಲ್ಲಿ, ಹಲ್ಲಿನ ಜುಮ್ಮು ತಗ್ಗಿಸುವ ಪೊಟ್ಯಾಸಿಯಂ ನೈಟ್ರೇಟ್ ಇರುವುದನ್ನು ಆರಿಸಿದೆ. ನೂರು ಗ್ರಾಂಗೆ ನೂರೈವತ್ತಕ್ಕಿಂತ ಮೇಲೆ ಕೊಟ್ಟ ನೆನಪು. ಮೊದಲ ವಾರ ಏನೂ ಆಗದೆ ದುಡ್ಡು ದಂಡವೆಂದುಕೊಂಡಿದ್ದೆ. ನಾಲ್ಕನೆಯ ವಾರದ ಹೊತ್ತಿಗೆ ತಣ್ಣೀರು ಬಾಯಲ್ಲಿ ನಿಲ್ಲಿಸಿಕೊಳ್ಳಬಲ್ಲವನಾದೆ. ಉಜ್ಜಿದ ಮೇಲೆ ಉಗುಳುತ್ತೇನೆ, ನೀರು ಹಾಕಿ ಮುಕ್ಕಳಿಸುವುದಿಲ್ಲ. ಹುಣಸೆಯ ಸಾರು, ನಿಂಬೆ ಶರಬತ್ತು ಕುಡಿದ ತಕ್ಷಣ ಉಜ್ಜುವುದನ್ನೂ ಬಿಟ್ಟೆ, ಹುಳಿ ತಾಗಿದ ಬುಡ ಮೆತ್ತಗಾಗಿ ಬೇಗ ಸವೆಯುತ್ತದೆಂದು ಒಂದು ಗಂಟೆ ತಡೆಯುತ್ತೇನೆ.

ಇಳಿದ ಒಸಡು ಮರಳಿ ಬೆಳೆದಿಲ್ಲ, ಬೆಳೆಯುವುದೂ ಇಲ್ಲ. ಅದು ಇನ್ನಷ್ಟು ಸರಿಯುವುದು ನಿಂತಿದೆ, ಅಷ್ಟೇ. ತಣ್ಣೀರು ಬಿಟ್ಟ ಮೇಲೂ ನಿಮಿಷಗಟ್ಟಲೆ ಉಳಿಯುವ ನೋವಿಗೆ, ಅಲುಗಾಡುವ ಹಲ್ಲಿಗೆ, ಗಟ್ಟಿಯಾದ ಕಿಟ್ಟಕ್ಕೆ ಈ ಕೈಚಳಕದಿಂದ ಪ್ರಯೋಜನವಿಲ್ಲ, ಅವೆಲ್ಲ ದಂತವೈದ್ಯರ ಕೆಲಸ. ನನ್ನ ಆಳವಾದ ಕಚ್ಚಿಗೂ ಕಳೆದ ವರ್ಷ ಮತ್ತೊಮ್ಮೆ ಸಿಮೆಂಟ್ ತುಂಬಿಸಿದೆ, ಈ ಸಲದ್ದು ಇನ್ನೂ ಉದುರಿಲ್ಲ. ಮೂರು ವಾರಕ್ಕೆ ಹರಡಿಕೊಳ್ಳುತ್ತಿದ್ದ ಬ್ರಷ್ ಈಗ ಮೂರು ತಿಂಗಳ ಕೊನೆಯಲ್ಲಿಯೂ ನೆಟ್ಟಗೇ ಇರುತ್ತದೆ.